ಶುಲ್ಕ ತಂತ್ರಾಂಶಕ್ಕೆ ಸಹಿ ಹಾಕುವ ಮೊದಲು: ಒಂದು ಮಗುವಿನ ಒಂದು ವರ್ಷದ ಲೆಕ್ಕ

ಕಲಬುರಗಿಯ ಖಾಸಗಿ ಶಾಲೆಯೊಂದರ ಶುಲ್ಕದ ಕೌಂಟರಿನಲ್ಲಿ ಒಂದು ವರ್ಷ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಗದದ ಮೇಲೆ ಕಂತು ಮೂರು, ಹಣ ಬರುವುದು ಹತ್ತು ಸಲ. ಜೂನ್‌ನಲ್ಲಿ ಕೈಯಲ್ಲಿದ್ದಷ್ಟು ಕಟ್ಟಿದ ತಂದೆ ಉಳಿದದ್ದನ್ನು ಪುಣೆಯಿಂದಲೋ ಮುಂಬೈಯಿಂದಲೋ ದುಡಿದು ಕಳುಹಿಸುತ್ತಾರೆ. ಜೇವರ್ಗಿ, ಆಳಂದ ಕಡೆಯ ರೈತರು ಜನವರಿಯಲ್ಲಿ ಗಂಜ್‌ನಲ್ಲಿ ತೊಗರಿ ಮಾರಿ, ಅದೇ ದಿನ ಶಾಲೆಗೆ ಬಂದು ಬಾಕಿ ತೀರಿಸುತ್ತಾರೆ. ಒಮ್ಮೆ ಅಜ್ಜ, ಒಮ್ಮೆ ಸೋದರಮಾವ ಬಂದು ಕಟ್ಟಿಹೋಗುವುದೂ ಉಂಟು.

ಹೊಸ ತಂತ್ರಾಂಶ ತಂದವರು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಇದಾವುದೂ ಕಾಣುವುದಿಲ್ಲ. ಅಲ್ಲಿ ಇರುವುದು ಒಬ್ಬ ವಿದ್ಯಾರ್ಥಿ, ಒಂದು ಕಂತು, ಪೂರ್ತಿ ಹಣ, ಅಚ್ಚುಕಟ್ಟಾದ ರಸೀದಿ. ಆಡಳಿತ ಮಂಡಳಿಯವರು ಅದನ್ನು ನೋಡಿ ಒಪ್ಪಿಬಿಡುತ್ತಾರೆ. ತೊಂದರೆ ಹೊರಬೀಳುವುದು ಶಾಲೆ ಶುರುವಾಗಿ ಎರಡು ತಿಂಗಳಾದ ಮೇಲೆ, ಒಬ್ಬ ಪಾಲಕರು ಕೈಯಲ್ಲಿ ಮೂರು ರಸೀದಿ ಹಿಡಿದು ಬಂದು, ನಾನು ಕಟ್ಟಿದ ಹಣ ನಿಮ್ಮ ಪರದೆಯಲ್ಲಿ ಏಕೆ ಇಲ್ಲ ಎಂದು ಕೇಳಿದಾಗ.

ಬಳಕೆದಾರರ ಸ್ವೀಕಾರ ಪರೀಕ್ಷೆ ಇರುವುದು ಈ ಪ್ರಶ್ನೆಯನ್ನು ಎರಡು ತಿಂಗಳು ಮೊದಲೇ ಕೇಳುವುದಕ್ಕೆ. ಕಂಪನಿಯವರು ಇದನ್ನು ಯುಎಟಿ ಎನ್ನುತ್ತಾರೆ. ಗುಂಡಿ ಒತ್ತಿದರೆ ಪುಟ ತೆರೆಯುತ್ತದೆಯೇ ಎಂಬುದನ್ನು ಅವರು ಅಷ್ಟರಲ್ಲಿ ತಾವೇ ಪರೀಕ್ಷಿಸಿರಬೇಕು. ಶಾಲೆ ನೋಡಬೇಕಾದದ್ದು ಬೇರೆ: ನಮ್ಮಲ್ಲಿ ಹಣ ಬರುವ ರೀತಿಯಲ್ಲೇ ಬಂದರೆ, ನಮ್ಮ ನಿಯಮದಂತೆಯೇ ಲೆಕ್ಕ ನಿಲ್ಲುತ್ತದೆಯೇ? ಇದನ್ನು ತಿಳಿಯಲು ನೂರಾರು ಪರೀಕ್ಷಾ ಪ್ರಕರಣಗಳು ಬೇಕಿಲ್ಲ. ಒಂದು ಮಗುವಿನ ಖಾತೆಯನ್ನು ಜೂನ್‌ನಿಂದ ಜನವರಿಯವರೆಗೆ ನಡೆಸಿ, ಒಂದು ದಿನದ ಕೌಂಟರನ್ನು ಬೆಳಗ್ಗೆಯಿಂದ ಸಂಜೆಯವರೆಗೆ ನಡೆಸಿದರೆ ಬಹುಪಾಲು ದೋಷಗಳು ಹೊರಗೆ ಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನಿಯಮದ ಹಾಳೆ

ಪರೀಕ್ಷೆ ಎಂದರೆ ಬಂದ ಉತ್ತರವನ್ನು ಬರಬೇಕಾದ ಉತ್ತರದ ಜೊತೆ ಹೋಲಿಸುವುದು. ಬರಬೇಕಾದ ಉತ್ತರ ಮೊದಲೇ ಬರೆದಿಲ್ಲದಿದ್ದರೆ, ಪರದೆ ಏನು ತೋರಿಸುತ್ತದೆಯೋ ಅದೇ ಸರಿ ಎನಿಸುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಶುಲ್ಕದ ನಿಯಮಗಳು ಹಿರಿಯ ಗುಮಾಸ್ತರ ತಲೆಯಲ್ಲಿ ಇರುತ್ತವೆ, ಹಾಳೆಯ ಮೇಲೆ ಇರುವುದಿಲ್ಲ. ಆದ್ದರಿಂದ ಯೋಜನೆಯ ಮೊದಲ ಕೆಲಸ ಕಂಪ್ಯೂಟರ್ ಮುಂದೆ ನಡೆಯುವುದಿಲ್ಲ. ಮುಖ್ಯಗುರುಗಳು, ಲೆಕ್ಕಿಗರು, ಗುಮಾಸ್ತರು ಮೇಜಿನ ಸುತ್ತ ಕುಳಿತು ಒಂದು ಹಾಳೆ ಬರೆದು, ಮೂವರೂ ಸಹಿ ಹಾಕಬೇಕು.

ಆ ಹಾಳೆಯಲ್ಲಿ ಯಾವ ತರಗತಿಗೆ ಎಷ್ಟು ಶುಲ್ಕ ಎಂಬುದು ಹೇಗೂ ಇರುತ್ತದೆ. ವಾದ ಬರುವುದು ಬೇರೆ ಕಡೆ. ಭಾಗಶಃ ಹಣ ಬಂದರೆ ಅದು ಮೊದಲು ಯಾವುದಕ್ಕೆ ಜಮಾ ಆಗಬೇಕು, ಹಿಂದಿನ ವರ್ಷದ ಬಾಕಿಗೋ ಈ ವರ್ಷದ ಕಂತಿಗೋ? ಕಂತಿನೊಳಗೆ ಬೋಧನಾ ಶುಲ್ಕ ಮೊದಲೋ ಬಸ್ ಶುಲ್ಕ ಮೊದಲೋ? ದಂಡ ಮೊದಲೋ ಕೊನೆಗೋ? ಒಡಹುಟ್ಟಿದವರ ರಿಯಾಯಿತಿ ಒಟ್ಟು ಶುಲ್ಕದ ಮೇಲೋ ಬೋಧನಾ ಶುಲ್ಕದ ಮೇಲೆ ಮಾತ್ರವೋ? ಅಣ್ಣ ಅಕ್ಟೋಬರ್‌ನಲ್ಲಿ ಟಿಸಿ ತೆಗೆದುಕೊಂಡು ಹೋದರೆ ತಂಗಿಯ ರಿಯಾಯಿತಿಯ ಗತಿ ಏನು? ಈ ಕೊನೆಯ ಪ್ರಶ್ನೆಗೆ ಅದೇ ಮೇಜಿನ ಮೂವರು ಮೂರು ಉತ್ತರ ಕೊಡುವುದು ಸಾಮಾನ್ಯ. ಆ ಜಗಳ ಏಪ್ರಿಲ್‌ನಲ್ಲಿ ಮುಗಿಯಲಿ. ತಂತ್ರಾಂಶ ಬರೆದವರು ಬೆಂಗಳೂರಿನಲ್ಲಿ ಕುಳಿತು ತಮಗೆ ತೋಚಿದ ಉತ್ತರವನ್ನು ಅದರೊಳಗೆ ಸೇರಿಸಿರುತ್ತಾರೆ, ಅದು ತಪ್ಪು ಎಂದು ತೋರಿಸಲು ನಮ್ಮ ಬಳಿ ಇರುವ ಆಧಾರ ಈ ಹಾಳೆ ಒಂದೇ.

ಜಮಾ ಆಗುವ ಕ್ರಮಕ್ಕೆ ಇಷ್ಟೊಂದು ಮಹತ್ವ ಏಕೆ ಎಂದು ಕೆಲವರು ಕೇಳುತ್ತಾರೆ, ಒಟ್ಟು ಬಾಕಿ ಸರಿಯಿದ್ದರೆ ಸಾಲದೇ ಎನ್ನುತ್ತಾರೆ. ಸಾಲದು. ಬಸ್ ಶುಲ್ಕ ಬಾಕಿಯಿದ್ದರೆ ಬಸ್ ಪಾಸ್ ತಡೆಯುವ ಶಾಲೆಯಲ್ಲಿ, ಹಣ ಯಾವ ಬಾಬಿಗೆ ಹೋಯಿತು ಎಂಬುದರ ಮೇಲೆ ಮಗು ನಾಳೆ ಬಸ್ ಹತ್ತುವುದು ನಿಂತಿರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಪಾಲಕರಿಗೆ ಆದಾಯ ತೆರಿಗೆಯ ಕಡಿತ ಸಿಗುವುದೂ ಬೋಧನಾ ಶುಲ್ಕಕ್ಕೆ ಮಾತ್ರ. ಬಸ್ ಶುಲ್ಕ, ದಂಡ ಅದರಲ್ಲಿ ಸೇರುವುದಿಲ್ಲ. ವರ್ಷದ ಕೊನೆಗೆ ಶಾಲೆ ಕೊಡುವ ಶುಲ್ಕ ಪ್ರಮಾಣಪತ್ರ ಇದೇ ಹಂಚಿಕೆಯಿಂದ ಹುಟ್ಟುತ್ತದೆ.

ಯಾರು, ಯಾವಾಗ, ಯಾವ ದತ್ತಾಂಶದ ಮೇಲೆ

ಕಾಲ ಏಪ್ರಿಲ್ ಮತ್ತು ಮೇ. ಮೇ ಕೊನೆಯಲ್ಲಿ ಶಾಲೆ ತೆರೆದ ಮೇಲೆ ಕೌಂಟರಿನ ಮುಂದೆ ಸಾಲು ನಿಂತಿರುವಾಗ ಪರೀಕ್ಷೆ ಮಾಡುವುದು ಆಗದ ಮಾತು.

ಕೀಲಿಮಣೆಯ ಮೇಲೆ ಕೈ ಇರಬೇಕಾದದ್ದು ನಾಳೆ ಅದೇ ಕೆಲಸ ಮಾಡುವ ಗುಮಾಸ್ತರದ್ದು. ಕಂಪನಿಯವರು ಪಕ್ಕದಲ್ಲಿ ಕುಳಿತಿರಲಿ, ಆದರೆ ಮೌಸ್ ಮುಟ್ಟಬಾರದು. ಅವರು, ಇಲ್ಲಿ ಒತ್ತಿ ಸರ್, ಎಂದು ಹೇಳಬೇಕಾಗಿ ಬಂದರೆ ಅದನ್ನೂ ದೋಷ ಎಂದೇ ಬರೆದುಕೊಳ್ಳಬೇಕು, ಏಕೆಂದರೆ ಜೂನ್‌ನಲ್ಲಿ ಅವರು ಪಕ್ಕದಲ್ಲಿ ಇರುವುದಿಲ್ಲ. ಪ್ರತಿ ಉತ್ತರವನ್ನು ಲೆಕ್ಕಿಗರು ಹಾಳೆಯ ಜೊತೆ ತಾಳೆ ನೋಡುತ್ತಾರೆ. ಇಬ್ಬರು ಪಾಲಕರನ್ನೂ ಕರೆಯಬೇಕು, ನಗದು ಕಟ್ಟುವವರೊಬ್ಬರು, ಊರಾಚೆಯಿಂದ ಮೊಬೈಲ್‌ನಲ್ಲಿ ಕಟ್ಟುವವರೊಬ್ಬರು. ರಸೀದಿ ಓದಿ ಅರ್ಥವಾಯಿತೇ ಇಲ್ಲವೇ ಎಂದು ಹೇಳುವ ಅಧಿಕಾರ ಅವರದು.

ದತ್ತಾಂಶದ ವಿಷಯದಲ್ಲಿ ಒಂದು ಎಚ್ಚರ. ಪರೀಕ್ಷೆಗೆ ಕಳೆದ ವರ್ಷದ ನಿಜವಾದ ಬಾಕಿ ಪಟ್ಟಿಯ ನಕಲೇ ಬೇಕು, ಆದರೆ ಅದರಲ್ಲಿರುವ ಪಾಲಕರ ಮೊಬೈಲ್ ಸಂಖ್ಯೆಗಳನ್ನೆಲ್ಲ ಅಳಿಸಿ ಶಾಲೆಯದೇ ಎರಡು ಸಂಖ್ಯೆ ತುಂಬಬೇಕು. ಇಲ್ಲದಿದ್ದರೆ ಪರೀಕ್ಷೆಯ ಮೊದಲ ದಿನವೇ ಊರಿನ ಪಾಲಕರಿಗೆಲ್ಲ, ನಿಮ್ಮ ಬಾಕಿ ಇಷ್ಟು, ಕೂಡಲೇ ಕಟ್ಟಿ, ಎಂಬ ಸಂದೇಶ ಹೋಗಿಬಿಡುತ್ತದೆ. ನಕಲು ಸೇರಿಸಿದ ಮೇಲೆ, ಒಂದೇ ಒಂದು ಪರೀಕ್ಷೆ ಶುರುವಾಗುವ ಮೊದಲು, ಎರಡು ಅಂಕಿ ಹೊಂದಬೇಕು: ವಿದ್ಯಾರ್ಥಿಗಳ ಸಂಖ್ಯೆ ಮತ್ತು ಒಟ್ಟು ಹಿಂದಿನ ಬಾಕಿ. ಹಳೆಯ ಲೆಡ್ಜರಿನ ಒಟ್ಟಿಗೂ ಹೊಸದರ ಒಟ್ಟಿಗೂ ಒಂದು ರೂಪಾಯಿ ವ್ಯತ್ಯಾಸವಿದ್ದರೂ ಅಲ್ಲಿಯೇ ನಿಲ್ಲಿಸಿ. ತಳಪಾಯದಲ್ಲಿ ಇರುವ ವ್ಯತ್ಯಾಸವನ್ನು ಆಮೇಲೆ ಹುಡುಕುವುದು ಬಹಳ ಕಷ್ಟ.

ಒಂದು ಖಾತೆ, ಜೂನ್‌ನಿಂದ ಜನವರಿಗೆ

ಈಗ ಮುಖ್ಯ ಪ್ರಕರಣ. ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಬೋಧನಾ ಶುಲ್ಕ 18,000, ಬಸ್ 6,000, ಪರೀಕ್ಷಾ ಶುಲ್ಕ 600. ಅಣ್ಣ ಅದೇ ಶಾಲೆಯಲ್ಲಿ ಇರುವುದರಿಂದ ಬೋಧನಾ ಶುಲ್ಕದಲ್ಲಿ ಮಾತ್ರ ಶೇ 10 ರಿಯಾಯಿತಿ, ಅಂದರೆ 1,800. ಹಿಂದಿನ ವರ್ಷದ ಬಸ್ ಬಾಕಿ 2,400. ಹೀಗೆ ವರ್ಷದ ಆರಂಭದಲ್ಲಿ ಪರದೆ ತೋರಿಸಬೇಕಾದ ಬಾಕಿ 25,200.

ಮೂರು ಕಂತು. ಮೊದಲೆರಡು 7,400ರಂತೆ: ಬೋಧನೆ 5,400, ಬಸ್ 2,000. ಮೂರನೆಯದರಲ್ಲಿ ಪರೀಕ್ಷಾ ಶುಲ್ಕ ಸೇರಿ 8,000. ಗಡುವು ಜೂನ್ 15, ಸೆಪ್ಟೆಂಬರ್ 15, ಜನವರಿ 15. ಗಡುವಿನ ನಂತರ 15 ದಿನ ಬಿಟ್ಟು, ಆ ಕಂತಿಗೆ ಒಮ್ಮೆ ಮಾತ್ರ 100 ರೂಪಾಯಿ ದಂಡ. ಜಮಾ ಆಗುವ ಕ್ರಮ: ಹಿಂದಿನ ಬಾಕಿ, ನಂತರ ಹಳೆಯ ಕಂತಿನ ಬೋಧನೆ, ಬಸ್, ಕೊನೆಗೆ ಆ ಕಂತಿನ ದಂಡ.

ಜೂನ್ 10ರಂದು ತಾಯಿ ಬಂದು 5,000 ನಗದು ಕಟ್ಟುತ್ತಾರೆ. ಅದರಲ್ಲಿ 2,400 ಹಿಂದಿನ ಬಾಕಿಗೆ, ಉಳಿದ 2,600 ಮೊದಲ ಕಂತಿನ ಬೋಧನೆಗೆ ಹೋಗಬೇಕು. ಬಾಕಿ 20,200. ರಸೀದಿಯಲ್ಲಿ ಈ ಎರಡೂ ಸಾಲು ಬೇರೆ ಬೇರೆ ಕಾಣಬೇಕು. ಇಲ್ಲಿಯೇ ಬಹಳ ತಂತ್ರಾಂಶಗಳು ಎಡವುತ್ತವೆ. ಕೆಲವು ಕಂತಿನ ಪೂರ್ತಿ ಹಣಕ್ಕಿಂತ ಕಡಿಮೆ ತೆಗೆದುಕೊಳ್ಳುವುದೇ ಇಲ್ಲ. ಕೆಲವು ತೆಗೆದುಕೊಂಡು, ಎಲ್ಲ ಬಾಬುಗಳಿಗೆ ಪಾಲು ಹಾಕಿ ಪೈಸೆಗಳಲ್ಲಿ ಹಂಚಿಬಿಡುತ್ತವೆ.

ಜುಲೈ 1ರಂದು ಯಾರೂ ಏನೂ ಮಾಡದೆ ಬಾಕಿ 20,300 ಆಗಬೇಕು, ದಂಡ ತಾನಾಗಿ ಸೇರಬೇಕು. ಜುಲೈ 2ರಂದು ಮತ್ತೆ ನೋಡಿದಾಗ ಅದು ಅಷ್ಟೇ ಇರಬೇಕು. ದಿನಾಂಕವನ್ನು ಮುಂದೆ ಸರಿಸಿ ನೋಡುವ ಸೌಲಭ್ಯವನ್ನು ಪರೀಕ್ಷೆಯ ಆವೃತ್ತಿಯಲ್ಲಿ ಕಂಪನಿಯವರಿಂದ ಮೊದಲೇ ಕೇಳಿ ಪಡೆದಿರಬೇಕು. ಅದಿಲ್ಲದೆ ಒಂದು ವರ್ಷವನ್ನು ಒಂದು ವಾರದಲ್ಲಿ ಓಡಿಸಲಾಗದು.

ಜುಲೈ 4ರಂದು ತಂದೆ ಪುಣೆಯಿಂದ 3,000 ಯುಪಿಐ ಮೂಲಕ ಕಟ್ಟುತ್ತಾರೆ. ಅವರ ಖಾತೆಯಿಂದ ಹಣ ಹೋಗುತ್ತದೆ, ಶಾಲೆಯ ಪರದೆಯಲ್ಲಿ ಮಾತ್ರ ಪ್ರಕ್ರಿಯೆಯಲ್ಲಿದೆ ಎಂದಷ್ಟೇ ಬರುತ್ತದೆ. ಅವರು ಗಾಬರಿಯಿಂದ ಇನ್ನೊಮ್ಮೆ ಕಟ್ಟುತ್ತಾರೆ. ಎರಡನೆಯದು ಕೂಡಲೇ ಯಶಸ್ವಿಯಾಗುತ್ತದೆ. ಮೊದಲನೆಯದರ ಖಚಿತತೆ ಮರುದಿನ ಬರುತ್ತದೆ.

ಇದು ಇಡೀ ಯೋಜನೆಯ ಅತಿ ಮುಖ್ಯ ಪ್ರಕರಣ, ಆದ್ದರಿಂದ ಇದನ್ನು ನಿಧಾನವಾಗಿ ನೋಡಬೇಕು. ಮೊದಲ ಯತ್ನಕ್ಕೆ ಆ ಕ್ಷಣದಲ್ಲಿ ರಸೀದಿ ಹುಟ್ಟಬಾರದು, ಬಾಕಿ ಇಳಿಯಬಾರದು, ಆದರೆ ಯತ್ನದ ಗುರುತು ದಾಖಲಾಗಿರಬೇಕು. ಎರಡನೆಯದಕ್ಕೆ ರಸೀದಿ ಬರಬೇಕು: ಬೋಧನೆಗೆ 2,800, ಬಸ್‌ಗೆ 200, ಬಾಕಿ 17,300. ಮರುದಿನ ಮೊದಲನೆಯದು ಖಚಿತವಾದಾಗ ಆ 3,000 ಎಲ್ಲಿಯೂ ಮಾಯವಾಗಬಾರದು. ಅದು ಅದೇ ವಿದ್ಯಾರ್ಥಿನಿಯ ಹೆಸರಿನಲ್ಲಿ, ಬ್ಯಾಂಕಿನ 12 ಅಂಕಿಯ ವಹಿವಾಟು ಸಂಖ್ಯೆಯ ಜೊತೆ, ಹೊಂದಾಣಿಕೆಯಾಗದ ಹಣ ಎಂದು ಕಾಣಬೇಕು. ಮರಳಿಸುವುದೋ ಮುಂದಿನದಕ್ಕೆ ಹಿಡಿಯುವುದೋ ಎಂದು ತಂದೆಯನ್ನು ಕೇಳಿದ ಮೇಲೆಯೇ ಮುಂದಿನ ಹೆಜ್ಜೆ. ಹಿಡಿದುಕೊಳ್ಳಿ ಎಂದರೆ ಬಸ್‌ಗೆ 1,800, ದಂಡಕ್ಕೆ 100, ಎರಡನೇ ಕಂತಿನ ಬೋಧನೆಗೆ 1,100, ಬಾಕಿ 14,300.

ಇದರಲ್ಲಿ ಮೂರು ರೀತಿಯ ದೋಷ ಕಾಣಿಸುತ್ತದೆ. ಎರಡೂ ಒಂದೇ ಮೊತ್ತ, ಒಂದೇ ಮಗು ಎಂದು ತಂತ್ರಾಂಶ ಮೊದಲನೆಯದನ್ನು ನಕಲು ಎಂದು ಎಸೆದುಬಿಡುತ್ತದೆ. ಆಗ ಹಣ ಬ್ಯಾಂಕಿನಲ್ಲಿದೆ, ಲೆಕ್ಕದಲ್ಲಿಲ್ಲ. ಅಥವಾ ಪಾಲಕರ ಮೊಬೈಲ್‌ನಲ್ಲಿ ಯಶಸ್ವಿ ಎಂಬ ಪುಟ ಬಂದ ತಕ್ಷಣ ರಸೀದಿ ಕೊಡುತ್ತದೆ, ಬ್ಯಾಂಕಿನ ಖಚಿತತೆಗೆ ಕಾಯುವುದೇ ಇಲ್ಲ. ಆಗ ರಸೀದಿ ಇದೆ, ಹಣವಿಲ್ಲ. ಮೂರನೆಯದು ಸೂಕ್ಷ್ಮ: ಜೂನ್ 30ರ ರಾತ್ರಿ ಕಟ್ಟಿದ ಹಣ ಜುಲೈ 1ಕ್ಕೆ ಖಚಿತವಾದರೆ ದಂಡ ಹಾಕುತ್ತದೆ. ದಂಡ ನೋಡಬೇಕಾದದ್ದು ಪಾಲಕರು ಕಟ್ಟಿದ ದಿನವನ್ನು. ಈ ಮೂರನ್ನೂ ಪ್ರತ್ಯೇಕವಾಗಿ ಮಾಡಿ ನೋಡಬೇಕು.

ಹಣ ಕಡಿತವಾಗಿ ವ್ಯಾಪಾರಿಗೆ ಖಚಿತತೆ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಆದ್ದರಿಂದ ಪ್ರಕ್ರಿಯೆಯಲ್ಲಿರುವ ಯತ್ನಗಳ ಪಟ್ಟಿಯನ್ನು ತಂತ್ರಾಂಶ ಕನಿಷ್ಠ ಅಷ್ಟು ದಿನ ಜೀವಂತವಾಗಿ ಇಟ್ಟು, ಪ್ರತಿದಿನ ಬ್ಯಾಂಕನ್ನು ಮತ್ತೆ ಕೇಳುತ್ತಿರಬೇಕು. ಅರ್ಧ ಗಂಟೆಯಲ್ಲಿ ವಿಫಲ ಎಂದು ಮುಚ್ಚಿಬಿಟ್ಟರೆ ಆರಂಭದಲ್ಲಿ ಹೇಳಿದ ಆ ಮೂರು ರಸೀದಿಯ ಪಾಲಕರು ಬಂದೇ ಬರುತ್ತಾರೆ.

ವರ್ಷ ಮುಂದುವರಿಯುತ್ತದೆ. ಸೆಪ್ಟೆಂಬರ್ 12ರಂದು ಎರಡನೇ ಕಂತಿನ ಉಳಿಕೆ 6,300ಕ್ಕೆ ಚೆಕ್. ಬಾಕಿ 8,000 ಆಗುತ್ತದೆ, ರಸೀದಿಯ ಮೇಲೆ ಚೆಕ್ ನಗದೀಕರಣಕ್ಕೆ ಒಳಪಟ್ಟಿದೆ ಎಂದು ಇರಬೇಕು. ಚೆಕ್ ಬೌನ್ಸ್ ಆದರೆ ಬಾಕಿ ಮತ್ತೆ 14,300, ಹಳೆಯ ರಸೀದಿ ಅಳಿಯದೆ ಅದರ ಮೇಲೆ ಅಮಾನ್ಯ ಎಂಬ ಗುರುತು. ಸೆಪ್ಟೆಂಬರ್ 25ಕ್ಕೆ ಅದೇ ಹಣ ನಗದಾಗಿ ಬಂತು, ಗಡುವಿನ ನಂತರದ 15 ದಿನದೊಳಗೆ ಇರುವುದರಿಂದ ದಂಡವಿಲ್ಲ, ಬಾಕಿ 8,000.

ಅಕ್ಟೋಬರ್‌ನಲ್ಲಿ ಅಣ್ಣ ಟಿಸಿ ಪಡೆದು ಹೋಗುತ್ತಾನೆ. ಗಡುವು ಮುಗಿದ ಕಂತುಗಳಿಗೆ ರಿಯಾಯಿತಿ ಉಳಿಯುತ್ತದೆ, ಮುಂದಿನ ಕಂತಿಗೆ ಇಲ್ಲ ಎಂದು ನಿಯಮದ ಹಾಳೆ ಹೇಳಿದರೆ, ಮೂರನೇ ಕಂತಿನ ಬೋಧನೆ 5,400ರಿಂದ 6,000 ಆಗಿ ಬಾಕಿ 8,600 ಆಗಬೇಕು. ತಂತ್ರಾಂಶ ಹಿಂದಿನ ಎರಡು ಕಂತುಗಳ ರಿಯಾಯಿತಿಯನ್ನೂ ಕಿತ್ತು 1,800 ಸೇರಿಸಿದರೆ ಅದು ದೋಷ, ಮುಗಿದ ರಸೀದಿಗಳ ಕೆಳಗಿನ ನೆಲವನ್ನೇ ಅದು ಸರಿಸಿದಂತೆ. ಜನವರಿ 20ರಂದು 8,600 ನಗದು ಬಂದು ಖಾತೆ ಸೊನ್ನೆಯಾಗುತ್ತದೆ.

ಈಗ ಎಲ್ಲ ರಸೀದಿಗಳನ್ನು ಕೂಡಿಸಿ. 5,000, 3,000, 3,000, 6,300, 8,600, ಒಟ್ಟು 25,900. ಇನ್ನೊಂದು ಕಡೆ ಬಾಬುವಾರು ಕೂಡಿಸಿ: ಬೋಧನೆ 16,800, ಬಸ್ 6,000, ಪರೀಕ್ಷೆ 600, ದಂಡ 100, ಹಿಂದಿನ ಬಾಕಿ 2,400. ಅದೂ 25,900. ಶುಲ್ಕ ಪ್ರಮಾಣಪತ್ರದಲ್ಲಿ ಬೋಧನಾ ಶುಲ್ಕ 16,800 ಎಂದೇ ಬರಬೇಕು. ಈ ಮೂರು ಹೊಂದಿದರೆ ಈ ಪ್ರಕರಣ ಉತ್ತೀರ್ಣ, ಯಾವುದೊಂದು ತಪ್ಪಿದರೂ ಅನುತ್ತೀರ್ಣ.

ಒಂದು ದಿನದ ಕೌಂಟರ್

ಎರಡನೆಯ ದೊಡ್ಡ ಪರೀಕ್ಷೆಗೆ ಅದೇ ಜುಲೈ 4ನ್ನು ಆರಿಸಿಕೊಳ್ಳೋಣ. ಆ ದಿನ 212ರಿಂದ 223ರವರೆಗೆ ಹನ್ನೆರಡು ರಸೀದಿ. ನಡುವೆ ಗುಮಾಸ್ತರು ಬೇಕೆಂದೇ ಒಂದು ತಪ್ಪು ಮಾಡುತ್ತಾರೆ: 217ನೇ ರಸೀದಿಯಲ್ಲಿ 500ರ ಬದಲು 5,000 ಹಾಕಿ, ಆಮೇಲೆ ರದ್ದು ಮಾಡುತ್ತಾರೆ. ರದ್ದಾದ ರಸೀದಿ ರದ್ದು ಎಂಬ ಮುದ್ರೆಯೊಂದಿಗೆ, ಕಾರಣ ಮತ್ತು ಮಾಡಿದವರ ಹೆಸರಿನೊಂದಿಗೆ ಅಲ್ಲಿಯೇ ಉಳಿಯಬೇಕು. ಸರಿಯಾದ 500ಕ್ಕೆ ಮುಂದಿನ ಸಂಖ್ಯೆ ಬರಬೇಕು. 217 ಎಂಬ ಸಂಖ್ಯೆ ಪಟ್ಟಿಯಿಂದ ಕಾಣೆಯಾದರೆ, ಅಥವಾ ಅದೇ ಸಂಖ್ಯೆ ಹೊಸ ರಸೀದಿಗೆ ಸಿಕ್ಕರೆ, ಆ ತಂತ್ರಾಂಶದಲ್ಲಿ ನಗದು ತೆಗೆದುಕೊಂಡು ರಸೀದಿ ಅಳಿಸುವ ದಾರಿ ತೆರೆದಿದೆ ಎಂದೇ ಅರ್ಥ. ಗುಮಾಸ್ತರ ಪ್ರಾಮಾಣಿಕತೆಯನ್ನು ಕಾಪಾಡುವುದೂ ಇದೇ ನಿಯಮ. ನಾಳೆ ಯಾರಾದರೂ ಬೊಟ್ಟು ಮಾಡಿದರೆ ತೋರಿಸಲು ಅವರ ಬಳಿ ದಾಖಲೆ ಇರುತ್ತದೆ.

ವಿದ್ಯುತ್ ಹೋಗುವುದನ್ನೂ ಪರೀಕ್ಷಿಸಬೇಕು, ಅದಕ್ಕೆ ಕಾಯಬೇಕಾಗಿಲ್ಲ. ಉಳಿಸು ಎಂದು ಒತ್ತಿ, ಮುದ್ರಣ ಶುರುವಾಗುವ ಮೊದಲು ಗೋಡೆಯ ಸ್ವಿಚ್ ಆರಿಸಿ. ಮರಳಿ ಬಂದಾಗ ಎರಡರಲ್ಲಿ ಒಂದು ಮಾತ್ರ ಸರಿ: ರಸೀದಿ ಪೂರ್ತಿ ಉಳಿದಿದೆ, ಬಾಕಿ ಇಳಿದಿದೆ, ಮರುಮುದ್ರಣದ ಮೇಲೆ ನಕಲು ಎಂದು ಬರುತ್ತದೆ, ಇಲ್ಲವೇ ಏನೂ ಆಗಿಲ್ಲ. ಬಾಕಿ ಇಳಿದು ರಸೀದಿ ಇಲ್ಲದಿರುವುದು, ರಸೀದಿ ಇದ್ದು ಬಾಕಿ ಇಳಿಯದಿರುವುದು ಎರಡೂ ಮೊದಲ ದರ್ಜೆಯ ದೋಷ.

ಸಂಜೆ ದಿನದ ಲೆಕ್ಕ ಮುಚ್ಚುವಾಗ ವರದಿ ನಗದು 21,500, ಯುಪಿಐ 14,400, ಚೆಕ್ 7,400, ಒಟ್ಟು 43,300 ಎನ್ನುತ್ತದೆ ಎಂದುಕೊಳ್ಳೋಣ. ಲೆಕ್ಕಿಗರು ಪೆಟ್ಟಿಗೆಯ ನೋಟು ಎಣಿಸುತ್ತಾರೆ, ಚೆಕ್‌ಗಳನ್ನು ಕೂಡಿಸುತ್ತಾರೆ, ರದ್ದಾದದ್ದನ್ನು ಬಿಟ್ಟು ರಸೀದಿಗಳ ಮೊತ್ತ ನೋಡುತ್ತಾರೆ. ಮರುದಿನದ ಬ್ಯಾಂಕ್ ವಿವರದಲ್ಲಿ ಯುಪಿಐ 17,400 ಬಂದಿದೆ. ಹೆಚ್ಚುವರಿ 3,000 ಯಾವುದು ಎಂದು ನಾವು ಹುಡುಕಬೇಕಾಗಿ ಬಂದರೆ ತಂತ್ರಾಂಶ ಸೋತಿದೆ. ಪುಣೆಯ ಆ ಮೊದಲ ಯತ್ನ ಇದು ಎಂದು ವಹಿವಾಟು ಸಂಖ್ಯೆಯೊಂದಿಗೆ ಹೊಂದಾಣಿಕೆ ವರದಿ ತಾನೇ ತೋರಿಸಬೇಕು. ದಿನ ಮುಚ್ಚಿದ ಮೇಲೆ ಅದೇ ದಿನಾಂಕಕ್ಕೆ ಇನ್ನೊಂದು ರಸೀದಿ ಹಾಕಲು, ಇನ್ನೊಂದನ್ನು ರದ್ದು ಮಾಡಲು ಗುಮಾಸ್ತರು ಪ್ರಯತ್ನಿಸಲಿ. ಎರಡೂ ಆಗಬಾರದು. ತಿದ್ದುಪಡಿ ಬೇಕಿದ್ದರೆ ಮುಖ್ಯಗುರುಗಳ ಅನುಮತಿಯಿಂದ ಅಂದಿನ ದಿನಾಂಕದಲ್ಲಿ ಎದುರು ನಮೂದು, ಅಷ್ಟೇ.

ಹೆಸರು ಮತ್ತು ಅಕ್ಷರ

ಶರಣಬಸವೇಶ್ವರರ ಊರಿನಲ್ಲಿ ಒಂದೇ ತರಗತಿಯಲ್ಲಿ ಇಬ್ಬರು ಶರಣಬಸಪ್ಪ ಇರುವುದು ಅಪರೂಪವಲ್ಲ, ಇಬ್ಬರ ತಂದೆಯ ಹೆಸರೂ ಒಂದೇ ಆಗಿರಬಹುದು. ಅಂಥ ಜೋಡಿಯನ್ನು ಬೇಕೆಂದೇ ಸೇರಿಸಿ, ಗುಮಾಸ್ತರು ಹೆಸರಿನಿಂದ ಹುಡುಕಲಿ. ಪ್ರವೇಶ ಸಂಖ್ಯೆಯೋ ಸ್ಯಾಟ್ಸ್ ಸಂಖ್ಯೆಯೋ ಪಕ್ಕದಲ್ಲೇ ಕಾಣದಿದ್ದರೆ ಒಬ್ಬರ ಹಣ ಇನ್ನೊಬ್ಬರಿಗೆ ಜಮಾ ಆಗುತ್ತದೆ. ಮೊಹಮ್ಮದ್, ಮಹಮ್ಮದ್ ಎಂದು ಎರಡು ರೀತಿ ಬರೆದರೂ ಹುಡುಕಾಟದಲ್ಲಿ ಸಿಗಬೇಕು. ಹಳೆಯ ದಾಖಲೆ ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಇದ್ದು ಯುನಿಕೋಡ್‌ಗೆ ಬದಲಾಗದೆ ಬಂದಿದ್ದರೆ ಹೆಸರುಗಳು ಗುರುತೇ ಸಿಗದಂತೆ ಕಲಸಿಹೋಗಿರುತ್ತವೆ. ಮಲ್ಲಿಕಾರ್ಜುನ ಎಂಬ ಹೆಸರಿನ ಒತ್ತು, ಅರ್ಕಾವತ್ತು ಶಾಲೆಯ ಮುದ್ರಕದಲ್ಲೇ ಸರಿಯಾಗಿ ಬರುತ್ತದೆಯೇ ನೋಡಿ, ಪರದೆಯಲ್ಲಿ ಸರಿಯಿದ್ದರೆ ಸಾಲದು.

ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಸೆಕ್ಷನ್ ಅಡಿ ಸೇರಿದ ಮಕ್ಕಳು ಶಾಲೆಯಲ್ಲಿದ್ದರೆ ಅವರಿಗೊಂದು ಪ್ರಕರಣ ಕಡ್ಡಾಯ. ಅವರ ಬೋಧನಾ ಶುಲ್ಕ ಸರ್ಕಾರದಿಂದ ಬರಬೇಕಾದ ಲೆಕ್ಕದಲ್ಲಿ ಇರಬೇಕು. ಪಾಲಕರ ಹೆಸರಿನಲ್ಲಿ ಆ ಬಾಕಿ ತೋರಿಸುವುದಾಗಲಿ, ನೆನಪಿನ ಸಂದೇಶ ಕಳುಹಿಸುವುದಾಗಲಿ, ಕೌಂಟರಿನಲ್ಲಿ ಅದಕ್ಕೆ ಹಣ ಪಡೆಯುವುದಾಗಲಿ ಆಗಬಾರದು. ಒಂದು ಬಡ ಮನೆಗೆ ತಪ್ಪಾಗಿ ಹೋಗುವ ಅಂಥ ಒಂದು ಸಂದೇಶದ ನೋವನ್ನು ಯಾವ ದೋಷಪಟ್ಟಿಯೂ ಅಳೆಯಲಾರದು.

ಸಹಿಯ ನಿಯಮಗಳು

ದೋಷಗಳಿಗೆ ದರ್ಜೆ ಬೇಕು, ಆದರೆ ಮೂರು ಸಾಕು. ಹಣದ ಅಂಕಿ ತಪ್ಪಿದರೆ, ರಸೀದಿ ತಪ್ಪಿದರೆ ಅಥವಾ ಕಾಣೆಯಾದರೆ, ಅಧಿಕಾರವಿಲ್ಲದವರು ರಿಯಾಯಿತಿ ಕೊಡಲೋ ರದ್ದು ಮಾಡಲೋ ಸಾಧ್ಯವಾದರೆ, ಅದು ಮೊದಲ ದರ್ಜೆ. ಇಂಥದ್ದು ಒಂದಿದ್ದರೂ ಸಹಿ ಇಲ್ಲ, ಒಂದು ರೂಪಾಯಿಯದಾದರೂ ಇಲ್ಲ. ಒಂದು ರೂಪಾಯಿ ತಪ್ಪಿಸಿದ ಲೆಕ್ಕ ಬೇರೆ ಅಂಕಿ ಕೊಟ್ಟಾಗ ಸಾವಿರ ತಪ್ಪಿಸಬಲ್ಲದು. ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಬಹುದಾದರೆ ಎರಡನೆಯ ದರ್ಜೆ; ಉದಾಹರಣೆಗೆ ತರಗತಿವಾರು ಬಾಕಿ ಪಟ್ಟಿ ಮುದ್ರಣವಾಗುವುದಿಲ್ಲ, ಆದರೆ ಎಕ್ಸೆಲ್‌ಗೆ ತೆಗೆಯಬಹುದು. ಇಂಥವು ಮೂರಕ್ಕಿಂತ ಹೆಚ್ಚು ಇರಬಾರದು, ಪ್ರತಿಯೊಂದಕ್ಕೂ ಸರಿಪಡಿಸುವ ದಿನಾಂಕ, ಅಲ್ಲಿಯವರೆಗೆ ಗುಮಾಸ್ತರು ಏನು ಮಾಡಬೇಕು ಎಂಬುದು ಬರಹದಲ್ಲಿರಬೇಕು. ಉಳಿದದ್ದು, ಬಣ್ಣ, ಅಕ್ಷರದ ಗಾತ್ರ ಇತ್ಯಾದಿ, ಮೂರನೆಯದು. ದರ್ಜೆಯ ಬಗ್ಗೆ ವಾದ ಬಂದರೆ ಕೊನೆಯ ಮಾತು ಲೆಕ್ಕಿಗರದು, ಕಂಪನಿಯದಲ್ಲ. ಅಧ್ಯಕ್ಷರಿಗೆ ಅವಸರವಿದ್ದರೂ ಲೆಕ್ಕಿಗರ ಮಾತನ್ನು ಮೀರಿ ಸಹಿ ಹಾಕುವಂತಿಲ್ಲ ಎಂದು ಯೋಜನೆಯಲ್ಲೇ ಬರೆದಿರಬೇಕು.

ದೋಷ ಸರಿಪಡಿಸಿ ತಂದಾಗ ಆ ಒಂದನ್ನು ಮಾತ್ರ ನೋಡಿ ಟಿಕ್ ಹಾಕುವುದು ರೂಢಿ. ಶುಲ್ಕದ ತಂತ್ರಾಂಶದಲ್ಲಿ ಇದು ಅಪಾಯಕಾರಿ, ಏಕೆಂದರೆ ದಂಡದ ಲೆಕ್ಕ ತಿದ್ದಲು ಹೋದವರ ಕೈ ಜಮಾ ಆಗುವ ಕ್ರಮಕ್ಕೂ ತಾಗಿರುತ್ತದೆ. ಪ್ರತಿ ತಿದ್ದುಪಡಿಯ ನಂತರ ಆ ವಿದ್ಯಾರ್ಥಿನಿಯ ಪೂರ್ತಿ ವರ್ಷ ಮತ್ತು ಆ ದಿನದ ಕೌಂಟರ್, ಎರಡನ್ನೂ ಮೊದಲಿನಿಂದ ನಡೆಸಬೇಕು. ಅಂಕಿಗಳು ಸಿದ್ಧವಿರುವುದರಿಂದ ಅಭ್ಯಾಸವಾದ ಮೇಲೆ ಇದಕ್ಕೆ ಒಂದು ಮಧ್ಯಾಹ್ನ ಸಾಕು.

ಸಹಿ ಒಂದೇ ಇರಬಾರದು. ಕೌಂಟರಿನ ಕೆಲಸ ತಮ್ಮಿಂದ, ಯಾರ ಸಹಾಯವಿಲ್ಲದೆ, ಆಗುತ್ತದೆ ಎಂದು ಗುಮಾಸ್ತರು; ಅಂಕಿಗಳು ಹಾಳೆಯೊಂದಿಗೆ ಹೊಂದಿವೆ ಎಂದು ಲೆಕ್ಕಿಗರು; ರಿಯಾಯಿತಿ, ರದ್ದತಿಯ ಅಧಿಕಾರ ಸರಿಯಿದೆ ಎಂದು ಮುಖ್ಯಗುರುಗಳು ಸಹಿ ಹಾಕಲಿ. ಆ ಮೂರು ಸಹಿ ಬಿದ್ದ ಮೇಲೆಯೇ ಆಡಳಿತ ಮಂಡಳಿಯ ಸಹಿ. ತಾನು ಕಣ್ಣಾರೆ ನೋಡದ ಭಾಗಕ್ಕೆ ಯಾರೂ ಸಹಿ ಹಾಕಬಾರದು.

ಒಪ್ಪಂದವನ್ನು ಒಮ್ಮೆ ತೆಗೆದು ಓದಿ. ಇಷ್ಟು ದಿನದೊಳಗೆ ಶಾಲೆ ಏನೂ ಹೇಳದಿದ್ದರೆ ಒಪ್ಪಿಕೊಂಡಂತೆ ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಇರುತ್ತದೆ. ಬೇಸಿಗೆ ರಜೆಯಲ್ಲಿ ಮಂಡಳಿಯವರು ಊರಲ್ಲಿ ಇಲ್ಲದಾಗ ಆ ದಿನಗಳು ಕಳೆದುಹೋಗುತ್ತವೆ. ಅದನ್ನು ತೆಗೆಸಿ, ಲಿಖಿತ ಸಹಿ ಇಲ್ಲದೆ ಒಪ್ಪಿಗೆ ಇಲ್ಲ ಎಂದು ಮಾಡಿಸಿ, ಕೊನೆಯ ಕಂತಿನ ಹಣವನ್ನು ಆ ಸಹಿಗೆ ಜೋಡಿಸಿ.

ಸಹಿಯ ಹಾಳೆಯ ಮೇಲೆ ಪರೀಕ್ಷಿಸಿದ ಆವೃತ್ತಿಯ ಸಂಖ್ಯೆ ಇರಲೇಬೇಕು. ಸಹಿಯಾದ ಮೇಲೆ, ಸಣ್ಣ ಬದಲಾವಣೆ ಸರ್, ಎಂದು ಕಂಪನಿಯವರು ಹೊಸ ಆವೃತ್ತಿ ಹಾಕಿದರೆ ಆ ಸಹಿ ಅಲ್ಲಿಗೆ ರದ್ದಾಗುತ್ತದೆ, ಎರಡೂ ದೊಡ್ಡ ಪರೀಕ್ಷೆ ಮತ್ತೆ ನಡೆಯಬೇಕು. ಜೂನ್‌ನ ಮೊದಲ ವಾರ ಕೌಂಟರಿನಲ್ಲಿ ಕೈಬರಹದ ರಸೀದಿ ಪುಸ್ತಕವೂ ಜೊತೆಗಿರಲಿ, ಅದರ ಸಂಖ್ಯೆಯ ಸರಣಿ ಬೇರೆಯಾಗಿರಲಿ. ತಂತ್ರಾಂಶ ನಿಂತ ದಿನ ಅದರಲ್ಲಿ ಬರೆದ ಪ್ರತಿ ರಸೀದಿಯನ್ನು ಅಂದು ಸಂಜೆಯೇ, ಆ ಪುಸ್ತಕದ ಸಂಖ್ಯೆಯೊಂದಿಗೆ, ತಂತ್ರಾಂಶದಲ್ಲಿ ನಮೂದಿಸಬೇಕು. ಹಾಗೆ ನಮೂದಿಸಲು ಬರುತ್ತದೆಯೇ ಎಂಬುದನ್ನೂ ಮೇ ತಿಂಗಳಲ್ಲೇ ಒಮ್ಮೆ ಮಾಡಿ ನೋಡಿ.